ಓರೆ ಮೂತಿ, ನೇರ ದಾರಿ

ಹಂಪಿಯ ವಿಠ್ಠಲ ದೇವಾಲಯದಿಂದ ಸ್ವಲ್ಪ ದೂರದಲ್ಲಿ ತಳವಾರಘಟ್ಟ ಇದೆ. ತುಂಗಭದ್ರೆಯ ಆಚೆ ದಡದಲ್ಲಿ ಆನೆಗೊಂದಿ. ಮಳೆಗಾಲ ಕಳೆದು ನದಿ ತಗ್ಗಿದ ಮೇಲೂ ಪಾತ್ರದ ನಡುವೆ ಸೆಳವು ಉಳಿದಿರುತ್ತದೆ. ಅಂಥ ದಿನ ಹರಿಗೋಲು ಹತ್ತಿದ ಪ್ರವಾಸಿಗರಿಗೆ ಅಂಬಿಗನ ಮೊದಲ ಕೆಲಸವೇ ವಿಚಿತ್ರವಾಗಿ ಕಾಣುತ್ತದೆ. ಎದುರಿಗೆ ಕಣ್ಣಿಗೆ ಕಾಣುವ ಘಟ್ಟಕ್ಕೆ ಹೋಗಬೇಕಾದವನು ಅದರ ಕಡೆ ಹುಟ್ಟು ಹಾಕುವುದಿಲ್ಲ. ದಡದ ಅಂಚಿನ ನಿಂತ ನೀರಿನಲ್ಲಿ ಹರಿಗೋಲನ್ನು ಹೊಳೆಗೆ ಎದುರಾಗಿ ಒಂದಷ್ಟು ದೂರ ಒಯ್ಯುತ್ತಾನೆ. ಆಮೇಲಷ್ಟೇ ನಡುನೀರಿಗೆ ಬಿಡುತ್ತಾನೆ. ಇನ್ನೊಂದು ಕಡೆ, ವಿರೂಪಾಕ್ಷ ದೇವಾಲಯದ ಹತ್ತಿರದ ಘಟ್ಟದಿಂದ ವಿರೂಪಾಪುರ ಗಡ್ಡೆಗೆ ಹೋಗುವ ಮೋಟಾರು ದೋಣಿ ಹಾಗೆ ಮಾಡುವುದಿಲ್ಲ. ಅದು ಹೊರಟ ಜಾಗದಿಂದಲೇ ಮೂತಿಯನ್ನು ಸ್ವಲ್ಪ ಓರೆ ಮಾಡಿಕೊಂಡು, ಏಡಿಯಂತೆ ಅಡ್ಡಡ್ಡ ಸರಿಯುತ್ತ ಎದುರು ದಡ ಮುಟ್ಟುತ್ತದೆ.

ನದಿ ಒಂದೇ, ದಾಟುವ ಬಗೆ ಮಾತ್ರ ಎರಡು. ಯಾವ ದೋಣಿ ಯಾವ ಬಗೆಯನ್ನು ಹಿಡಿಯಬೇಕು ಎಂಬುದನ್ನು ಅಂಬಿಗನ ಇಷ್ಟಕ್ಕಿಂತ ಎರಡು ವೇಗಗಳು ತೀರ್ಮಾನಿಸುತ್ತವೆ: ನೀರು ಹರಿಯುವ ವೇಗ ಮತ್ತು ನಿಂತ ನೀರಿನಲ್ಲಿ ದೋಣಿ ಹೋಗಬಲ್ಲ ವೇಗ. ಮೊದಲ ವರ್ಷದ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಸದಿಶಗಳ ಪಾಠದ ದೋಣಿ ಲೆಕ್ಕ ನೆನಪಿರಬಹುದು. ಪರೀಕ್ಷೆಯಲ್ಲಿ ಅದು ಒಂದು ಬಾಣದ ಚಿತ್ರ, ಎರಡು ಸಾಲಿನ ಉತ್ತರಕ್ಕೆ ಮುಗಿಯುತ್ತದೆ. ನದಿಯಲ್ಲಿ ಅದು ಅಲ್ಲಿಂದ ಶುರುವಾಗುತ್ತದೆ.

ಮೊದಲು ಒಂದು ಚಾಪೆಯನ್ನು ನೆನೆಯೋಣ. ನೆಲದ ಮೇಲೆ ಚಾಪೆ ಹಾಸಿದೆ, ಅದರ ಒಂದು ಅಂಚಿನಿಂದ ಎದುರಿನ ಅಂಚಿಗೆ ಇರುವೆ ನಡೆಯುತ್ತಿದೆ. ಯಾರೋ ಚಾಪೆಯನ್ನು ಉದ್ದಕ್ಕೆ ನಿಧಾನವಾಗಿ ಎಳೆಯತೊಡಗುತ್ತಾರೆ. ಇರುವೆಗೆ ಅದರ ಅರಿವಿಲ್ಲ. ಚಾಪೆಯ ಲೆಕ್ಕದಲ್ಲಿ ಅದು ನೆಟ್ಟಗೆ ನಡೆದಿದೆ, ತೆಗೆದುಕೊಂಡ ಹೊತ್ತೂ ಅಷ್ಟೇ. ಆದರೆ ಚಾಪೆ ಎಷ್ಟು ಸರಿಯಿತೋ ಅಷ್ಟು ದೂರ ನೆಲದ ಮೇಲೆ ಪಕ್ಕಕ್ಕೆ ಹೋಗಿದೆ. ದೋಣಿಗೆ ನದಿಯೇ ಚಾಪೆ. ಸೆಳವು ಬಂದು ದೋಣಿಯ ಪಕ್ಕೆಯನ್ನು ನೂಕುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನೀರಿನ ಮೇಲೆ ತೇಲುವ ವಸ್ತು ನೀರಿನ ಜೊತೆಗೇ ಸಾಗುತ್ತಿರುತ್ತದೆ, ಅದರ ಮೇಲೆ ಹುಟ್ಟಿನ ಚಲನೆ ಸೇರುತ್ತದೆ.

ಈಗ ಅಂಕಿಗಳನ್ನು ಇಟ್ಟುಕೊಳ್ಳೋಣ. ನದಿ 180 ಮೀಟರ್ ಅಗಲ. ನೀರು ಸೆಕೆಂಡಿಗೆ 0.9 ಮೀಟರ್ ಹರಿಯುತ್ತಿದೆ. ಇಬ್ಬರು ಹುಟ್ಟು ಹಾಕುವ ಉದ್ದನೆಯ ಮರದ ದೋಣಿ ನಿಂತ ನೀರಿನಲ್ಲಿ ಸೆಕೆಂಡಿಗೆ 1.5 ಮೀಟರ್ ಹೋಗುತ್ತದೆ. ಆರಾಮದ ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗ ಅದು. ಮೂತಿಯನ್ನು ನೇರ ಎದುರು ದಡಕ್ಕೆ ಅಡ್ಡವಾಗಿ ಹಿಡಿದು ಹಾಗೇ ಸಾಗಿದರೆ ದಾಟಲು 120 ಸೆಕೆಂಡು ಸಾಕು. ಸೆಳವು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆದರೆ ಆ ಎರಡು ನಿಮಿಷದಲ್ಲಿ ಚಾಪೆ 108 ಮೀಟರ್ ಸರಿದಿರುತ್ತದೆ. ದೋಣಿ ಘಟ್ಟದ ಮೆಟ್ಟಿಲಿನ ಬದಲು 108 ಮೀಟರ್ ಕೆಳಗಿನ ಜೊಂಡಿನಲ್ಲೋ ಬಂಡೆಯ ಮೇಲೋ ತಗುಲುತ್ತದೆ. (ಹೊಳೆಯ ಮಾತಿನಲ್ಲಿ ನೀರು ಬರುವ ಕಡೆ ಮೇಲೆ, ನೀರು ಹೋಗುವ ಕಡೆ ಕೆಳಗೆ. ಈ ಬರಹದಲ್ಲೂ ಹಾಗೆಯೇ.)

ಇಲ್ಲಿ ಬುದ್ಧಿವಂತರಿಗೆ ಕೂಡಲೇ ಹೊಳೆಯುವ ಉಪಾಯ ಒಂದಿದೆ. ಕೆಳಕ್ಕೆ ಹೋಗುವುದು 108 ಮೀಟರ್ ತಾನೆ? ಹಾಗಿದ್ದರೆ ಎದುರು ದಡದಲ್ಲಿ ಘಟ್ಟಕ್ಕಿಂತ 108 ಮೀಟರ್ ಮೇಲಿರುವ ಮರವನ್ನು ನೋಡಿ ಮೂತಿಯನ್ನು ಅತ್ತ ತಿರುಗಿಸಿದರೆ, ಸೆಳವು ಸರಿಯಾಗಿ ಘಟ್ಟಕ್ಕೆ ತಂದು ಬಿಡುತ್ತದೆ. ಲೆಕ್ಕ ಸರಿಯೆಂದೇ ತೋರುತ್ತದೆ. ಆದರೆ ದೋಣಿ ಘಟ್ಟಕ್ಕಿಂತ 18 ಮೀಟರ್ ಕೆಳಗೆ ಹೋಗಿ ನಿಲ್ಲುತ್ತದೆ.

ತಪ್ಪಿದ್ದು ಎಲ್ಲಿ? ಮೂತಿ ಓರೆಯಾದ ಕೂಡಲೇ ದೋಣಿಯ ವೇಗದ ಒಂದು ಪಾಲು ಮೇಲಕ್ಕೆ ಏರುವುದಕ್ಕೆ ಖರ್ಚಾಗುತ್ತದೆ. ಅಡ್ಡಕ್ಕೆ ದಾಟುವ ಪಾಲು 1.5ರಿಂದ ಸುಮಾರು 1.29ಕ್ಕೆ ಇಳಿಯುತ್ತದೆ. ಹಾಗಾಗಿ ದಾಟಲು 120 ಅಲ್ಲ, 140 ಸೆಕೆಂಡು ಬೇಕು. ನದಿ ಆ ಹೆಚ್ಚಿನ 20 ಸೆಕೆಂಡು ಸುಮ್ಮನೆ ನಿಂತಿರುವುದಿಲ್ಲ, ಅಷ್ಟೂ ಹೊತ್ತು ಒಯ್ಯುತ್ತಲೇ ಇರುತ್ತದೆ. 20 ಸೆಕೆಂಡಿಗೆ ಸೆಕೆಂಡಿಗೆ 0.9 ಮೀಟರಿನಂತೆ ಲೆಕ್ಕ ಹಾಕಿದರೆ ಆ 18 ಮೀಟರ್ ಸಿಕ್ಕಿಬಿಡುತ್ತದೆ. ತಿದ್ದುಪಡಿಯೇ ಹೊತ್ತನ್ನು ಹೆಚ್ಚಿಸುತ್ತದೆ, ಹೆಚ್ಚಿದ ಹೊತ್ತು ಇನ್ನಷ್ಟು ತಿದ್ದುಪಡಿ ಕೇಳುತ್ತದೆ. ದೂರ ಅಳೆದು ಗುರಿ ಇಡುವವರೆಲ್ಲ ಎಡವುವುದು ಇಲ್ಲೇ.

ದೂರವನ್ನು ಬಿಟ್ಟು ವೇಗವನ್ನು ಹಿಡಿದರೆ ಈ ಸುತ್ತಾಟ ಒಂದೇ ಏಟಿಗೆ ಮುಗಿಯುತ್ತದೆ. ದೋಣಿ ಕೆಳಕ್ಕೆ ಜಾರಬಾರದು ಎಂದರೆ, ಅದರ ವೇಗದಲ್ಲಿ ಮೇಲಕ್ಕೆ ಏರುವ ಪಾಲು ಸೆಳವಿನ ವೇಗಕ್ಕೆ ಸರಿಸಮ ಇರಬೇಕು, ಅಂದರೆ 0.9. ಒಟ್ಟು ವೇಗ 1.5. ಉಳಿದದ್ದು ಅಡ್ಡಕ್ಕೆ. ಇದನ್ನು ಲಂಬ ತ್ರಿಕೋನವಾಗಿ ಬರೆದರೆ ಉದ್ದನೆಯ ಓರೆ ಬಾಹು 1.5, ಒಂದು ಬದಿ 0.9, ಇನ್ನೊಂದು ಬದಿ 1.2. ಶಾಲೆಯಲ್ಲಿ ಎಲ್ಲರೂ ಕಂಡಿರುವ 3, 4, 5ರ ತ್ರಿಕೋನವೇ ಇದು. ನೇರ ಅಡ್ಡಗೆರೆಯಿಂದ ಮೇಲಕ್ಕೆ ಮೂತಿ ತಿರುಗಬೇಕಾದ ಕೋನ ಸುಮಾರು 37 ಡಿಗ್ರಿ. ಸೂತ್ರವಾಗಿ ಬೇಕೆನ್ನುವವರಿಗೆ, ಕೋನದ ಸೈನ್ ಎಂದರೆ ಸೆಳವಿನ ವೇಗವನ್ನು ದೋಣಿಯ ವೇಗದಿಂದ ಭಾಗಿಸಿದ್ದು. ಅದರಲ್ಲಿ ನದಿಯ ಅಗಲವೇ ಇಲ್ಲ ಎಂಬುದನ್ನು ಗಮನಿಸಬೇಕು. ಹಳ್ಳವಾಗಲಿ ಹೊಳೆಯಾಗಲಿ, ಎರಡು ವೇಗಗಳು ಅವೇ ಇದ್ದರೆ ಕೋನವೂ ಅದೇ.

ಈ ಕೋನದಲ್ಲಿ ಹೊರಟ ದೋಣಿಯ ಮೂತಿ ಮೊದಲಿಗೆ ಘಟ್ಟಕ್ಕಿಂತ 135 ಮೀಟರ್ ಮೇಲಿರುವ ಜಾಗವನ್ನು ನೋಡುತ್ತಿರುತ್ತದೆ, 108 ಅಲ್ಲ. ದಾಟಲು 150 ಸೆಕೆಂಡು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ 135 ಮೀಟರಿನ ಗುರುತಿಗೇ ಕಣ್ಣು ಕೀಲಿಸಿ ಕೂರಬಾರದು. ದೋಣಿ ನಡುಹೊಳೆಗೆ ಬಂದಾಗ ಅದೇ 37 ಡಿಗ್ರಿಯ ಮೂತಿ ಘಟ್ಟಕ್ಕಿಂತ ಸುಮಾರು 68 ಮೀಟರ್ ಮೇಲಿನ ಜಾಗವನ್ನು ತೋರಿಸುತ್ತಿರಬೇಕು, ದಡದ ಹತ್ತಿರ ಬಂದಂತೆ ಇನ್ನೂ ಕಡಿಮೆ. ಕೋನ ಬದಲಾಗಬಾರದು, ಗುರುತು ಬದಲಾಗುತ್ತ ಹೋಗಬೇಕು.

ಹೊಸಬರಿಗೆ ಸಹಜವಾಗಿ ಬರುವ ಅಭ್ಯಾಸ ಇದಕ್ಕೆ ಪೂರಾ ಉಲ್ಟಾ. ಅವರು ಘಟ್ಟವನ್ನೇ ನೋಡುತ್ತಾರೆ, ಮೂತಿಯನ್ನು ಸದಾ ಘಟ್ಟದ ಕಡೆಗೇ ಹಿಡಿಯುತ್ತಾರೆ. ಸೆಳವು ಕೆಳಕ್ಕೆ ಒಯ್ದಂತೆಲ್ಲ ಮತ್ತೆ ಮತ್ತೆ ಘಟ್ಟದತ್ತ ತಿರುಗಿಸುತ್ತಾರೆ. ದೋಣಿ ಸೆಳವಿಗಿಂತ ಚುರುಕಾಗಿದ್ದರೆ ಕೊನೆಗೂ ಘಟ್ಟ ಸಿಗುತ್ತದೆ, ಸುಳ್ಳಲ್ಲ. ಆದರೆ ದಾರಿ ಕುಡುಗೋಲಿನಂತೆ ಬಾಗಿರುತ್ತದೆ, ಕೊನೆಯ ಹಾದಿಯೆಲ್ಲ ದಡದ ಪಕ್ಕದಲ್ಲೇ ಹೊಳೆಗೆ ಎದುರಾಗಿ ಏರುವ ಏರಾಟ. ನಮ್ಮ ಲೆಕ್ಕದ ದೋಣಿಗೆ ಹೀಗೆ ದಾಟಲು 187 ಸೆಕೆಂಡು ಮೀರುತ್ತದೆ. ಓರೆ ಮೂತಿಯವನಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು, ಅದೂ ತೋಳು ಸೋತ ಮೇಲೆ.

ಇಷ್ಟಾದರೂ ದೋಣಿಯಲ್ಲಿ ಕೂತವನ ಕೈಯಲ್ಲಿ ಕೋನಮಾಪಕ ಇರುವುದಿಲ್ಲ. ಹಾಗಾದರೆ ತಾನು ನೇರ ಹೋಗುತ್ತಿದ್ದೇನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬಂದರುಗಳಲ್ಲಿ ಹಡಗಿನವರು ಬಳಸುವ ಉಪಾಯವೇ ಇಲ್ಲಿಯೂ ನಡೆಯುತ್ತದೆ, ಅದಕ್ಕೆ ಬೇಕಾದದ್ದು ಎರಡು ಗುರುತುಗಳು. ಆಚೆ ದಡದಲ್ಲಿ ನೀರಿನಂಚಿನ ಒಂದು ವಸ್ತು, ಅಂದರೆ ಘಟ್ಟದ ಮೆಟ್ಟಿಲು ಅಥವಾ ನೆಟ್ಟ ಕಂಬ. ಅದರ ಹಿಂದೆ, ದೂರದಲ್ಲಿ ಇನ್ನೊಂದು, ಒಂದು ಒಂಟಿ ತಾಳೆಮರವೋ ಗುಡ್ಡದ ಮೇಲಿನ ಬಂಡೆಯೋ. ಹೊರಡುವ ಜಾಗದಲ್ಲಿ ನಿಂತಾಗ ಎರಡೂ ಒಂದರ ಹಿಂದೆ ಒಂದು ಕಾಣುವಂತೆ ಆರಿಸಿಕೊಳ್ಳಬೇಕು. ದಾಟುವ ಉದ್ದಕ್ಕೂ ಅವು ಹಾಗೇ ಒಂದರ ಹಿಂದೆ ಒಂದು ನಿಂತಿದ್ದರೆ, ಮೂತಿ ಎತ್ತಲೇ ನೋಡುತ್ತಿರಲಿ, ದೋಣಿ ನೇರ ಗೆರೆಯ ಮೇಲಿದೆ. ದೋಣಿ ಕೆಳಕ್ಕೆ ಜಾರಿದರೆ ಹತ್ತಿರದ ಕಂಬ ಮೇಲ್ಗಡೆಗೆ ಸರಿದಂತೆ, ದೂರದ ಮರ ಕೆಳಗಡೆಗೆ ಓಡಿದಂತೆ ಕಾಣುತ್ತದೆ. ಆಗ ಮೂತಿಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಬೇಕು. ತುಂಬ ಮೇಲೇರಿದರೆ ಇದರ ತಿರುಗು. ಹತ್ತಿರದ ಗುರುತು ಯಾವ ಕಡೆ ಸರಿಯಿತೋ ಆ ಕಡೆ ದೋಣಿಯನ್ನು ಒಯ್ಯಬೇಕು, ನೆನಪಿಡಬೇಕಾದದ್ದು ಇಷ್ಟು. ಗುರುತುಗಳ ನಡುವೆ ದೂರ ಹೆಚ್ಚಿದ್ದಷ್ಟೂ ಸಣ್ಣ ಜಾರುವಿಕೆಯೂ ಬೇಗ ಕಣ್ಣಿಗೆ ಬೀಳುತ್ತದೆ. ಮೆಟ್ಟಿಲು ಮತ್ತು ಅದರ ಹಿಂದಿನ ಗೋಡೆಯನ್ನು ಹಿಡಿದರೆ ತಪ್ಪು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ವೇಗಗಳನ್ನು ತಿಳಿಯುವುದಕ್ಕೂ ಯಂತ್ರ ಬೇಕಿಲ್ಲ. ದಡದಲ್ಲಿ ಹತ್ತು ಮೀಟರ್ ಅಂತರಕ್ಕೆ ಎರಡು ಕಲ್ಲಿಟ್ಟು, ಮೇಲಿನ ಕಲ್ಲಿನ ನೇರಕ್ಕೆ ಒಂದು ನಿಂಬೆಹಣ್ಣು ಎಸೆದು, ಕೆಳಗಿನ ಕಲ್ಲು ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿದರೆ ಸಾಕು. ಹನ್ನೊಂದು ಸೆಕೆಂಡಾದರೆ ಸೆಳವು ಸುಮಾರು 0.9. ನಿಂಬೆಹಣ್ಣೇ ಏಕೆಂದರೆ ಅದರ ಬಹುಪಾಲು ನೀರಿನೊಳಗೇ ಇರುತ್ತದೆ. ಒಣಗಿದ ಎಲೆ ಅಥವಾ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಗಾಳಿ ತಳ್ಳಿಬಿಡುತ್ತದೆ, ಲೆಕ್ಕ ಕೆಡುತ್ತದೆ. ದೋಣಿಯ ವೇಗವನ್ನು ಸೆಳವಿಲ್ಲದ ಮಡುವಿನಲ್ಲೋ ಕೆರೆಯಲ್ಲೋ ಇದೇ ರೀತಿ ಅಳೆಯಬಹುದು, ಆದರೆ ಖಾಲಿ ದೋಣಿಯಲ್ಲಿ ಅಳೆದು ತುಂಬಿದ ದೋಣಿಯಲ್ಲಿ ಹೊರಡಬಾರದು.

ದಡದಲ್ಲಿ ಅಳೆದ ಸೆಳವನ್ನು ಇಡೀ ನದಿಯ ಸೆಳವೆಂದು ನಂಬುವುದು ಇನ್ನೊಂದು ದೊಡ್ಡ ತಪ್ಪು. ನದಿ ಚಾಪೆಯಂತೆ ಒಂದೇ ಸಮನೆ ಸರಿಯುವುದಿಲ್ಲ. ನೆಲಕ್ಕೂ ದಡಕ್ಕೂ ಉಜ್ಜಿಕೊಂಡ ನೀರು ನಿಧಾನ, ಆಳ ಇರುವ ನಡುಭಾಗದ ನೀರು ಜೋರು. ಪಾತ್ರ ತಿರುಗುವ ಕಡೆ ಜೋರಿನ ಎಳೆ ಹೊರಬದಿಯ ದಡಕ್ಕೆ ಒತ್ತಿಕೊಂಡು ಹೋಗುತ್ತದೆ. ನೆಟ್ಟಗಿನ ಪಾತ್ರದಲ್ಲಿ ಸೆಳವು ದಡದಲ್ಲಿ ಸೊನ್ನೆಯಿಂದ ನಡುವೆ ಅತಿ ಹೆಚ್ಚಿಗೆ ಬಿಲ್ಲಿನಂತೆ ಏರಿ ಇಳಿಯುತ್ತದೆ ಎಂದುಕೊಂಡರೆ, ಸರಾಸರಿ 0.9 ಇರುವ ನದಿಯ ನಡುಭಾಗದಲ್ಲಿ 1.35 ಇರುತ್ತದೆ.

ಇಂಥ ನದಿಯಲ್ಲಿ 37 ಡಿಗ್ರಿ ಹಿಡಿದು ಒಮ್ಮೆಯೂ ಬದಲಾಯಿಸದೆ ಹೋದರೆ ಏನಾಗುತ್ತದೆ ಎಂಬುದು ಸೊಗಸಾದ ಪ್ರಶ್ನೆ. ಹೊರಟ ಕೂಡಲೇ ನೀರು ನಿಧಾನವಾದ್ದರಿಂದ ದೋಣಿ ಗೆರೆಗಿಂತ ಮೇಲೇರುತ್ತದೆ. ದಡದಿಂದ 38 ಮೀಟರ್ ಬಂದಾಗ ಅದು 13 ಮೀಟರ್ ಮೇಲಿರುತ್ತದೆ, ಕೂತವರಿಗೆ ಅಂಬಿಗ ದಾರಿ ತಪ್ಪಿದನೇನೋ ಎನ್ನಿಸುವಷ್ಟು. ಅಲ್ಲಿಂದ ಜೋರಿನ ನೀರು ಎಳೆಯತೊಡಗುತ್ತದೆ. ಸರಿಯಾಗಿ ನಡುಹೊಳೆಯಲ್ಲಿ ದೋಣಿ ಮತ್ತೆ ಗೆರೆಗೆ ಬಂದು, ಗೆರೆ ದಾಟಿ, ಮುಂದೆ 13 ಮೀಟರ್ ಕೆಳಕ್ಕೆ ಇಳಿಯುತ್ತದೆ. ಆಚೆ ದಡದ ನಿಧಾನದ ನೀರು ಸಿಕ್ಕ ಮೇಲೆ ಪುನಃ ಮೇಲೇರಿ ಘಟ್ಟವನ್ನೇ ಮುಟ್ಟುತ್ತದೆ. ದಾರಿ ಹಾವಿನ ಒಂದು ಬಳುಕಿನಂತೆ, ತೆಗೆದುಕೊಂಡ ಹೊತ್ತು ಮಾತ್ರ ಮೊದಲಿನಂತೆಯೇ 150 ಸೆಕೆಂಡು. ಒಂದೇ ಕೋನ ಹಿಡಿದವನಿಗೆ ಸೆಳವಿನ ಸರಾಸರಿಯೊಂದೇ ಲೆಕ್ಕ. ಅದು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದು ದಾರಿಯ ಆಕಾರವನ್ನು ಬದಲಿಸುತ್ತದೆ, ತಲುಪುವ ಜಾಗವನ್ನಲ್ಲ.

ಅದೇ ನದಿಯಲ್ಲಿ ಎರಡು ಗುರುತುಗಳನ್ನು ಹಿಡಿದು ಗೆರೆ ತಪ್ಪದೆ ಹೋಗುವವನು ದಡದಲ್ಲಿ ಮೂತಿಯನ್ನು ಬಹುತೇಕ ನೇರ ಅಡ್ಡಕ್ಕೆ ಹಿಡಿದು ಹೊರಟು, ನಡುವೆ 64 ಡಿಗ್ರಿಯವರೆಗೂ ತಿರುಗಿಸಿ, ಮತ್ತೆ ಇಳಿಸಿಕೊಳ್ಳಬೇಕು. ನಡುಹೊಳೆಯಲ್ಲಿ ಅವನ ಬಲವೆಲ್ಲ ನಿಂತಲ್ಲಿ ನಿಲ್ಲುವುದಕ್ಕೇ ಹೋಗುತ್ತದೆ. ಹಾಗಾಗಿ ಅವನಿಗೆ ಹತ್ತಿರ ಹತ್ತಿರ 3 ನಿಮಿಷ ಬೇಕು. ನೆಲದ ಮೇಲೆ ಕಡಿಮೆ ದೂರ ಹೋದವನೇ ತಡವಾಗಿ ತಲುಪುತ್ತಾನೆ. ಹಾಗೆಂದು ಗೆರೆ ಹಿಡಿಯುವವನು ದಡ್ಡನಲ್ಲ. ಹಂಪಿಯಂಥ ಕಡೆ ಪಾತ್ರದ ತುಂಬ ಬಂಡೆಗಳಿರುತ್ತವೆ. 13 ಮೀಟರ್ ಆಚೀಚೆ ಬಳುಕುವ ಸ್ವಾತಂತ್ರ್ಯವನ್ನು ಅವು ಕೊಡುವುದಿಲ್ಲ. ತೆರೆದ ಪಾತ್ರದಲ್ಲಿ ಒಂದೇ ಕೋನ ಲಾಭ, ಬಂಡೆಗಳ ನಡುವಿನ ಕಿರುದಾರಿಯಲ್ಲಿ ಗೆರೆಯೇ ಕ್ಷೇಮ.

ಬಂಡೆಗಳಿಂದ ಒಂದು ಉಪಕಾರವೂ ಇದೆ. ದೊಡ್ಡ ಬಂಡೆಯ ಕೆಳಬದಿಯಲ್ಲಿ ನೀರು ಹಿಂದಕ್ಕೆ ತಿರುಗಿ ಬಂಡೆಯ ಕಡೆಗೇ ಹರಿಯುತ್ತಿರುತ್ತದೆ. ಆ ತಿರುಗುನೀರಿಗೆ ನುಗ್ಗಿದರೆ ದೋಣಿಗೆ ಉಸಿರಾಡಲು ಜಾಗ ಸಿಕ್ಕಂತೆ. ಆದರೆ ಅಲ್ಲಿಂದ ಹೊರಬೀಳುವಾಗ ಎಚ್ಚರ ಬೇಕು. ತಿರುಗುನೀರು ಮೇಲಕ್ಕೂ, ಪಕ್ಕದ ಸೆಳವು ಕೆಳಕ್ಕೂ ಓಡುವ ಗಡಿಯಲ್ಲಿ ಮೂತಿ ಅಡ್ಡವಾಗಿ ಹೊರಬಂದರೆ, ಮೂತಿಯನ್ನು ಒಂದು ನೀರು, ಹಿಂಭಾಗವನ್ನು ಇನ್ನೊಂದು ನೀರು ಎಳೆದು ದೋಣಿಯನ್ನು ಗಿರ್ರನೆ ತಿರುಗಿಸುತ್ತವೆ. ಮೇಲ್ಬದಿಯ ಅಂಚು ನೀರಿಗೆ ಬಾಗಿದರೆ ಮಗುಚಲೂಬಹುದು. ಆದ್ದರಿಂದ ಗಡಿ ದಾಟುವ ಕ್ಷಣದಲ್ಲಿ ಮೂತಿಯನ್ನು ಹೆಚ್ಚುಕಡಿಮೆ ಸೆಳವಿಗೆ ಎದುರಾಗಿಯೇ ಇಟ್ಟು, ಇಡೀ ದೋಣಿ ಹರಿವಿಗೆ ಬಂದ ಮೇಲೆ ಬೇಕಾದ ಕೋನಕ್ಕೆ ತೆರೆದುಕೊಳ್ಳುತ್ತಾರೆ. ಕಾಳಿ ನದಿಯ ದಾಂಡೇಲಿಯಂಥ ಕಡೆ ಕಯಾಕ್ ಕಲಿಯುವವರಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು.

ಇದುವರೆಗಿನ ಎಲ್ಲ ಲೆಕ್ಕಕ್ಕೂ ಒಂದು ಷರತ್ತಿತ್ತು: ದೋಣಿ ಸೆಳವಿಗಿಂತ ಚುರುಕಾಗಿರಬೇಕು. ಆ ಷರತ್ತು ಸಡಿಲವಾಗುತ್ತ ಹೋದಂತೆ ಏನಾಗುತ್ತದೆಂದು ನೋಡಬೇಕು, ಏಕೆಂದರೆ ಅಪಾಯ ಇರುವುದು ಅಲ್ಲಿ. ಅದೇ 1.5ರ ದೋಣಿ, ಅದೇ 180 ಮೀಟರ್. ಸೆಳವು ಇಲ್ಲದಾಗ 120 ಸೆಕೆಂಡು, 0.9 ಇದ್ದಾಗ 150. ಸೆಳವು 1.2ಕ್ಕೆ ಏರಿದರೆ ಕೋನ 53 ಡಿಗ್ರಿ, ಹೊತ್ತು 200 ಸೆಕೆಂಡು. 1.4ಕ್ಕೆ ಏರಿದರೆ ಕೋನ 69 ಡಿಗ್ರಿ, ಹೊತ್ತು 330 ಸೆಕೆಂಡನ್ನೂ ಮೀರುತ್ತದೆ. ಸೆಳವು 1.2ರಿಂದ 1.4ಕ್ಕೆ ಹೋದದ್ದು ದಡದಲ್ಲಿ ನಿಂತವರ ಕಣ್ಣಿಗೆ ಬೀಳುವಂಥ ವ್ಯತ್ಯಾಸವಲ್ಲ. ಆದರೆ ಹುಟ್ಟು ಹಾಕುವವನು ಹೆಚ್ಚುವರಿ ಎರಡು ನಿಮಿಷಕ್ಕೂ ಮೀರಿ ಒಂದು ಕ್ಷಣ ಬಿಡದೆ ದುಡಿಯಬೇಕು. ಅಷ್ಟರಲ್ಲಿ ಅವನ ವೇಗ 1.5ರಿಂದ 1.4ಕ್ಕೆ ಇಳಿದರೆ ಮುಗಿಯಿತು, ಮೂತಿ ಪೂರಾ ಹೊಳೆಗೆ ಎದುರಾಗಿ, ದೋಣಿ ನಡುನೀರಿನಲ್ಲಿ ನಿಂತಲ್ಲೇ ನಿಂತುಬಿಡುತ್ತದೆ. ಎರಡು ಗುರುತುಗಳು ಒಂದರ ಹಿಂದೆ ಒಂದು ಚೆನ್ನಾಗಿಯೇ ಕಾಣುತ್ತಿರುತ್ತವೆ, ಆದರೆ ಆಚೆ ದಡ ಹತ್ತಿರ ಬರುತ್ತಿರುವುದಿಲ್ಲ. ಇದು ಕೈಬಿಡಬೇಕಾದ ಸೂಚನೆ. ಮೂತಿಯನ್ನು ಅಡ್ಡಕ್ಕೆ ಇಳಿಸಿ, ಕೆಳಗೆ ಎಲ್ಲಿ ಸಿಗುತ್ತದೋ ಅಲ್ಲಿ ದಡ ಹಿಡಿಯುವುದೊಂದೇ ಆಗ ಉಳಿದ ದಾರಿ.

ತಳವಾರಘಟ್ಟದ ಹರಿಗೋಲಿನ ನಡೆ ಈಗ ಬಿಡಿಸಿ ನೋಡಬಹುದು. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹೊರಗೆ ನೀರು ಒಳಬರದಂತೆ ಹೊದಿಕೆ ಕಟ್ಟಿದ ದುಂಡನೆಯ ದೋಣಿ ಅದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಜನ ಇಂಥವುಗಳಲ್ಲೇ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಗ ಹೊದಿಕೆ ತೊಗಲಿನದು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಬೇರೆ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಇವು ಸದಾ ಸುತ್ತುತ್ತಿರುತ್ತವೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಹರಿಗೋಲಿಗೆ ಮೂತಿಯೇ ಇಲ್ಲ. ಅಂಬಿಗ ಯಾವ ದಿಕ್ಕಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೋ ಅದೇ ಅದರ ಮೂತಿ. ಕಲ್ಲಿಗೆ ತಗುಲಿದರೂ ಒಡೆಯದೆ ಬಾಗುವುದು, ಒಂದು ಗೇಣು ನೀರಿನಲ್ಲೂ ತೇಲುವುದು ಅದರ ಗುಣ. ವೇಗ ಅದರ ಗುಣವಲ್ಲ.

ಒಂದು ಹರಿಗೋಲು ಸೆಕೆಂಡಿಗೆ 0.8 ಮೀಟರ್ ಹೋಗುತ್ತದೆ ಎಂದಿಟ್ಟುಕೊಂಡರೆ, 0.9ರ ಸೆಳವಿನಲ್ಲಿ ಅದು ಹೊರಟ ಜಾಗದ ನೇರಕ್ಕೆ ಇಳಿಯುವುದು ಆಗದ ಮಾತು. ಮೇಲಕ್ಕೇ ಪೂರಾ ಹುಟ್ಟು ಹಾಕಿದರೂ ಅದು ಕೆಳಕ್ಕೇ ಜಾರುತ್ತದೆ. ಜಾರುವಿಕೆಯನ್ನು ಆದಷ್ಟು ಕಡಿಮೆ ಮಾಡುವ ಕೋನವೊಂದಿದೆ. ಇಲ್ಲಿ ಭಾಗಾಕಾರ ತಲೆಕೆಳಗಾಗುತ್ತದೆ, ದೋಣಿಯ ವೇಗವನ್ನು ಸೆಳವಿನಿಂದ ಭಾಗಿಸಬೇಕು. ಬರುವುದು 63 ಡಿಗ್ರಿ. ಅದರಂತೆ ಹೋದರೆ 180 ಮೀಟರ್ ದಾಟುವಷ್ಟರಲ್ಲಿ 93 ಮೀಟರ್ ಕೆಳಗೆ ಹೋಗುತ್ತದೆ, ಹಿಡಿಯುವ ಹೊತ್ತು 8 ನಿಮಿಷಕ್ಕೂ ಮೇಲು. ಮೇಲಕ್ಕೆ ಏರುವ ಗೊಡವೆಗೇ ಹೋಗದೆ ನೇರ ಅಡ್ಡಕ್ಕೆ ಹುಟ್ಟು ಹಾಕಿದರೆ 200 ಮೀಟರಿಗೂ ತುಸು ಹೆಚ್ಚು ಕೆಳಗೆ ಹೋಗುತ್ತದೆ, ಆದರೆ 4 ನಿಮಿಷದೊಳಗೆ ದಡ ಸಿಗುತ್ತದೆ.

ಆ 200 ಮೀಟರನ್ನು ಮೊದಲೇ ಸಂಪಾದಿಸಿಟ್ಟುಕೊಂಡರೆ? ಹರಿಗೋಲು ಹಗುರ, ಒಬ್ಬನೇ ತಲೆಯ ಮೇಲೆ ಹೊತ್ತು ದಡದಲ್ಲಿ ನಡೆಯಬಹುದು. ಜನ ಕೂತಿದ್ದರೆ ಅಂಚಿನ ನಿಂತ ನೀರಿನಲ್ಲಿ ಗಳ ಊರಿ ತಳ್ಳಿಕೊಂಡು ಹೋಗಬಹುದು. ಅಂಬಿಗ ಮಾಡುವುದು ಅದನ್ನೇ. ಸೆಳವಿನ ಜೊತೆ ನಡುಹೊಳೆಯಲ್ಲಿ ಗುದ್ದಾಡುವ ಬದಲು, ಸೆಳವೇ ಇಲ್ಲದ ಕಡೆ ಮೇಲೇರಿ, ಆಮೇಲೆ ಅಡ್ಡಕ್ಕೆ ಬಿಟ್ಟುಕೊಂಡು ಘಟ್ಟಕ್ಕೆ ಇಳಿಯುತ್ತಾನೆ. ಹೊರಟ ಜಾಗಕ್ಕೆ ಅದು ನೇರ ಎದುರಲ್ಲ, ಪ್ರಯಾಣಿಕರು ಹತ್ತಿದ ಜಾಗಕ್ಕೆ ನೇರ ಎದುರು. ಮೋಟಾರು ದೋಣಿಗೆ ಈ ಶ್ರಮ ಬೇಡ. ಅದು ಸೆಕೆಂಡಿಗೆ 3 ಮೀಟರ್ ಹೋದರೂ ಅದೇ ಸೆಳವಿಗೆ 17 ಡಿಗ್ರಿಯಷ್ಟು ಓರೆ ಸಾಕು, ಪ್ರವಾಸಿಗರಿಗೆ ಅದು ಓರೆಯೆಂದು ಹೊಳೆಯುವುದೂ ಇಲ್ಲ.

ಹೊಸಪೇಟೆಯ ಬಳಿಯ ಜಲಾಶಯ ಈ ಘಟ್ಟಗಳಿಗೆ ಮೇಲ್ಗಡೆಯೇ ಇದೆ. ಅಲ್ಲಿ ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಮುಳುಗುವುದು ಪ್ರತಿ ದೊಡ್ಡ ಮಳೆಗಾಲದ ಸುದ್ದಿ. ಅಂಥ ದಿನಗಳಲ್ಲಿ ಹರಿಗೋಲು ಇಳಿಸುವುದಿಲ್ಲ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಸೆಳವು 2 ಮೀಟರ್ ಆಯಿತೆಂದರೆ ಅಡ್ಡಕ್ಕೆ ಹೊರಟ ಹರಿಗೋಲು 180 ಮೀಟರ್ ದಾಟುವಷ್ಟರಲ್ಲಿ 450 ಮೀಟರ್ ಕೆಳಗೆ ಹೋಗಿರುತ್ತದೆ, ಆ 450 ಮೀಟರಿನಲ್ಲಿ ಮುಳುಗಿದ ಬಂಡೆ ಎಲ್ಲೆಲ್ಲಿದೆಯೋ ಯಾರಿಗೂ ಕಾಣುವುದಿಲ್ಲ.

ಕರಾವಳಿಯ ಕಡವುಗಳಲ್ಲಿ ಇದೇ ವಿದ್ಯೆಗೆ ಇನ್ನೊಂದು ತಿರುವು ಸಿಗುತ್ತದೆ. ಗೋಕರ್ಣದ ಹತ್ತಿರದ ತದಡಿಯಲ್ಲಿ ಅಘನಾಶಿನಿ ಸಮುದ್ರ ಸೇರುವ ಅಳಿವೆಯನ್ನು ದೋಣಿಯಲ್ಲಿ ದಾಟುತ್ತಾರೆ. ಅಲ್ಲಿ ಮೇಲೆ, ಕೆಳಗೆ ಎಂಬುದು ದಿನಕ್ಕೆ ನಾಲ್ಕು ಬಾರಿ ಅದಲುಬದಲಾಗುತ್ತದೆ. ಇಳಿತದಲ್ಲಿ ನೀರು ಕಡಲಿಗೆ ಓಡುವುದರಿಂದ ಮೂತಿ ಘಟ್ಟದ ಕಡೆಗೆ ಓರೆ. ಉಬ್ಬರದಲ್ಲಿ ಕಡಲ ನೀರು ಒಳನುಗ್ಗುವುದರಿಂದ ಮೂತಿ ಕಡಲ ಕಡೆಗೆ ಓರೆ. ಒಂದು ಉಬ್ಬರಕ್ಕೂ ಅದರ ಇಳಿತಕ್ಕೂ ನಡುವೆ ಸುಮಾರು ಆರು ಕಾಲು ಗಂಟೆ. ಎರಡರ ಸಂಧಿಯಲ್ಲಿ ನೀರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ, ಆಗ ಮಾತ್ರ ಮೂತಿ ಎತ್ತ ನೋಡುತ್ತದೋ ದೋಣಿ ಅತ್ತಲೇ ಹೋಗುತ್ತದೆ. ಬೆಳಿಗ್ಗೆ ಸರಿಹೋದ ಓರೆಯನ್ನು ಮಧ್ಯಾಹ್ನ ಹಾಗೇ ಹಿಡಿದರೆ ತಪ್ಪು ಎರಡರಷ್ಟಾಗುತ್ತದೆ, ಸೆಳವೂ ಒಂದೇ ಕಡೆ ಒಯ್ಯುತ್ತದೆ, ಮೂತಿಯೂ ಅದೇ ಕಡೆ ಒಯ್ಯುತ್ತದೆ.

ಹೊಳೆಯ ದೋಣಿಗೆ ಮರಳಿದರೆ, ಜನರನ್ನು ಇಳಿಸಿ ಖಾಲಿಯಾಗಿ ಹಿಂದಿರುಗುವಾಗಲೂ ಮೂತಿ ಮೇಲ್ಗಡೆಗೇ ಓರೆಯಾಗಬೇಕು, ಕೈ ಮಾತ್ರ ಬದಲು. ಹೋಗುವಾಗ ಎಡಕ್ಕೆ ತಿರುಗಿದ್ದರೆ ಬರುವಾಗ ಬಲಕ್ಕೆ. ಹಗುರವಾದ ದೋಣಿ ಈಗ ಸೆಕೆಂಡಿಗೆ 1.8 ಮೀಟರ್ ಹೋಗುತ್ತದೆ ಎಂದುಕೊಂಡರೆ 0.9 ಅದರ ಅರ್ಧ. ಸೈನ್ ಅರ್ಧ ಇರುವ ಕೋನ 30 ಡಿಗ್ರಿ. ಬಂದದ್ದು 37 ಡಿಗ್ರಿಯಲ್ಲಿ, 150 ಸೆಕೆಂಡಿಗೆ. ಅದೇ ಕೋನವನ್ನು ಈಗಲೂ ಹಿಡಿದರೆ ಘಟ್ಟಕ್ಕಿಂತ ಮೇಲೆ ಹೋಗಿ ಬೀಳುತ್ತಾನೆ. ಅಂಬಿಗ ಮೂತಿಯನ್ನು ಒಂದಿಷ್ಟು ಇಳಿಸುತ್ತಾನೆ, ಈಚೆ ದಡದ ಕಂಬವನ್ನೂ ಅದರ ಹಿಂದಿನ ಮರವನ್ನೂ ಒಂದು ಗೆರೆಗೆ ತಂದುಕೊಳ್ಳುತ್ತಾನೆ, ಎರಡು ನಿಮಿಷ ತುಂಬುವ ಮೊದಲೇ ಮುಂದಿನ ಜನ ಕಾದಿರುವ ಮೆಟ್ಟಿಲಿಗೆ ದೋಣಿ ತಾಗುತ್ತದೆ.